ಮೂರು ಫೈಲಿಗಾಗಿ ಅರವತ್ತು ಜಿಬಿ ಯಾಕೆ?

ಕಳೆದ ಮಳೆಗಾಲದ ಒಂದು ಸಂಜೆ, ಸಾಗರದ ನನ್ನ ರಿಪೇರಿ ಅಂಗಡಿಗೆ ಪಕ್ಕದ ಬೀದಿಯ ಹುಡುಗನೊಬ್ಬ ಸಿಪಿಯು ಡಬ್ಬಕ್ಕೆ ಪ್ಲಾಸ್ಟಿಕ್ ಸುತ್ತಿ, ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟುಕೊಂಡು ಬಂದ. ಹಿಂದಿನ ರಾತ್ರಿ ಡೋಟಾ 2 ಅಪ್‌ಡೇಟ್ ಆಗುತ್ತಿರುವಾಗ ಕರೆಂಟ್ ಹೋಗಿತ್ತು. ಬೆಳಿಗ್ಗೆ ಗೇಮ್ ತೆರೆಯುತ್ತದೆ, ಮೆನು ಬರುತ್ತದೆ, ಹಾಡೂ ಕೇಳುತ್ತದೆ. ಆದರೆ ಆಟಕ್ಕೆ ಇಳಿದು, ಯಾರಾದರೂ ಒಬ್ಬ ನಿರ್ದಿಷ್ಟ ಹೀರೋವನ್ನು ಆರಿಸಿಕೊಂಡರೆ ಸಾಕು, ಕಿಟಕಿಯೇ ಮಾಯವಾಗಿ ಡೆಸ್ಕ್‌ಟಾಪ್ ಎದುರಿಗಿರುತ್ತದೆ.

“ಅಣ್ಣಾ, ಪೂರ್ತಿ ಡಿಲೀಟ್ ಮಾಡಿ ಮತ್ತೆ ಹಾಕ್ಬೇಕಾ? ಮನೇಲಿ ಮೊಬೈಲ್ ನೆಟ್ಟೇ ಇರೋದು, ದಿನಕ್ಕೆ ಎರಡು ಜಿಬಿ” ಅಂದ.

ಡೋಟಾ 2ಕ್ಕೆ ಬೇಕಾದ ಜಾಗ ಸುಮಾರು 60 ಜಿಬಿ. ದಿನದ ಎರಡೂ ಜಿಬಿಯನ್ನು ಅದಕ್ಕೇ ಸುರಿದರೂ ಒಂದು ತಿಂಗಳು. ಮನೆಯವರು ಅಷ್ಟು ದಿನ ವಾಟ್ಸಾಪ್ ಬಿಟ್ಟು ಕೂರಬೇಕು. “ಡಿಲೀಟ್ ಅನ್ನೋ ಮಾತೇ ಎತ್ತಬೇಡ ಮಾರಾಯ, ಕೂತ್ಕೋ” ಅಂದು ಅಂಗಡಿಯ ಮಾನಿಟರಿಗೆ ಡಬ್ಬ ಜೋಡಿಸಿದೆ.

ಡಿಲೀಟ್ ಯಾಕೆ ಬೇಡ ಅನ್ನುವುದಕ್ಕೆ ಗೇಮ್ ಹಾಳಾಗುವ ರೀತಿಯೇ ಉತ್ತರ. ಅರವತ್ತು ಜಿಬಿಯೂ ಒಟ್ಟಿಗೆ ಕೆಟ್ಟಿರುವುದಿಲ್ಲ. ಬರೆಯುತ್ತಿದ್ದ ಹೊತ್ತಿಗೆ ಕರೆಂಟ್ ಹೋದರೆ ಆ ಕ್ಷಣ ಡಿಸ್ಕಿಗೆ ಇಳಿಯಬೇಕಿದ್ದ ಒಂದಿಷ್ಟು ಬೈಟ್‌ಗಳು ಇಳಿದಿರುವುದಿಲ್ಲ, ಇಲ್ಲವೇ ಅರ್ಧ ಇಳಿದಿರುತ್ತವೆ. ಉಳಿದದ್ದೆಲ್ಲ ಸರಿಯಾಗಿಯೇ ಇರುತ್ತದೆ. ಮೆನು ತೆರೆದು, ಹಾಡು ಕೇಳಿ, ಒಬ್ಬ ಹೀರೋ ಬಂದಾಗ ಮಾತ್ರ ಗೇಮ್ ಬಿದ್ದುಹೋದದ್ದು ಇದೇ ಕಾರಣಕ್ಕೆ. ಆ ಹೀರೋನ ಮಾದರಿಯೋ ಬಣ್ಣವೋ ಇದ್ದ ಜಾಗದಲ್ಲಿ ಪೆಟ್ಟಾಗಿದೆ. ಅದನ್ನು ಓದುವವರೆಗೆ ಗೇಮಿಗೆ ಏನೂ ಗೊತ್ತಿಲ್ಲ. ಯಾವಾಗಲೂ ಒಂದೇ ಜಾಗದಲ್ಲಿ, ಒಂದೇ ಕೆಲಸಕ್ಕೆ ಬೀಳುವ ಗೇಮ್ ಕಂಡರೆ ನಾನು ಮೊದಲು ಶಂಕಿಸುವುದು ಫೈಲನ್ನೇ. ಎಲ್ಲೆಂದರಲ್ಲಿ ಬೀಳುವುದಾದರೆ ಕಥೆ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ಅರವತ್ತು ಜಿಬಿಯಲ್ಲಿ ಕೆಟ್ಟದ್ದು ಯಾವುದು ಅಂತ ಹುಡುಕುವುದು ಹೇಗೆ? ಮದುವೆ ಮನೆಗೆ ಪಾತ್ರೆ ಬಾಡಿಗೆ ಕೊಡುವ ಅಂಗಡಿಯವರನ್ನು ನೋಡಿದ್ದೀರಲ್ಲ. ಕಳಿಸುವಾಗಲೇ ಪಟ್ಟಿ ಮಾಡಿರುತ್ತಾರೆ: ಕೊಳದಪ್ಪಲೆ ಎಷ್ಟು, ಸೌಟು ಎಷ್ಟು, ಬಕೆಟ್ ಎಷ್ಟು. ವಾಪಸು ಬಂದಾಗ ಪಟ್ಟಿ ಹಿಡಿದು ಒಂದೊಂದನ್ನೇ ಎಣಿಸುತ್ತಾರೆ. ಎರಡು ಸೌಟು ಕಮ್ಮಿ ಬಂದರೆ ಎರಡು ಸೌಟು ಕೇಳುತ್ತಾರೆಯೇ ಹೊರತು ಇಡೀ ಸೆಟ್ಟನ್ನು ಹೊಸದಾಗಿ ಕೊಂಡು ಕೊಡಿ ಅನ್ನುವುದಿಲ್ಲ. ಫೈಲ್ ವೆರಿಫೈ ಅನ್ನುವುದು ಇದೇ ಎಣಿಕೆ.

ಸ್ಟೀಮ್‌ನಲ್ಲಿ ಆ ಪಟ್ಟಿಗೆ ಮ್ಯಾನಿಫೆಸ್ಟ್ ಎಂದು ಹೆಸರು. ಗೇಮಿನ ಪ್ರತಿ ಫೈಲಿನ ಹೆಸರು, ಎಷ್ಟು ಬೈಟ್ ಇರಬೇಕು ಎನ್ನುವುದು ಅದರಲ್ಲಿರುತ್ತದೆ. ಅಷ್ಟೇ ಆಗಿದ್ದರೆ ಕೆಲಸಕ್ಕೆ ಬರುತ್ತಿರಲಿಲ್ಲ, ಯಾಕೆಂದರೆ ಕೆಟ್ಟ ಫೈಲಿನ ಗಾತ್ರ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಸೌಟು ಇದೆ, ಆದರೆ ತೂತಾಗಿದೆ. ಅದಕ್ಕಾಗಿ ಸ್ಟೀಮ್ ಪ್ರತಿ ಫೈಲನ್ನೂ ಹೆಚ್ಚೆಂದರೆ ಒಂದು ಎಂಬಿಯಷ್ಟರ ತುಂಡುಗಳಾಗಿ ಲೆಕ್ಕ ಹಾಕಿ, ಪ್ರತಿ ತುಂಡಿಗೂ ಒಂದು ಬೆರಳಚ್ಚನ್ನು ಪಟ್ಟಿಯಲ್ಲಿ ಬರೆದಿಟ್ಟಿರುತ್ತದೆ. ಈ ಬೆರಳಚ್ಚಿಗೆ ಹ್ಯಾಶ್ ಅನ್ನುತ್ತಾರೆ. ತುಂಡಿನ ಎಲ್ಲ ಬೈಟ್‌ಗಳನ್ನೂ ಒಂದು ಲೆಕ್ಕಕ್ಕೆ ಹಾಕಿ ಅರೆದರೆ ಕೊನೆಗೆ ಇಪ್ಪತ್ತೇ ಬೈಟ್‌ಗಳ ಒಂದು ಸಂಖ್ಯೆ ಉಳಿಯುತ್ತದೆ. ತುಂಡಿನೊಳಗೆ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಗುರುತೇ ಸಿಗದಷ್ಟು ಬದಲಾಗುತ್ತದೆ.

ಹುಡುಗ ನಂಬಲಿಲ್ಲ, ಹಾಗಾಗಿ ಮಾಡಿ ತೋರಿಸಿದೆ. ನೀವೂ ಮಾಡಬಹುದು. ನೋಟ್‌ಪ್ಯಾಡಿನಲ್ಲಿ ಈ ಒಂದು ಸಾಲನ್ನು, ಕೊನೆಗೆ ಚುಕ್ಕಿ ಇಡದೆ, ಎಂಟರ್ ಒತ್ತದೆ, ಬರೆದು `a.txt` ಎಂದು ಸೇವ್ ಮಾಡಿ. ಕೊನೆಯ ಪದದಲ್ಲಿ `dog` ಬದಲು `cog` ಎಂದು ತಿದ್ದಿ `b.txt` ಎಂದು ಇನ್ನೊಂದು ಮಾಡಿ.

```
The quick brown fox jumps over the lazy dog
```

ಆಮೇಲೆ ಅದೇ ಫೋಲ್ಡರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಕೊಡಿ. ಈ ಉಪಕರಣ ವಿಂಡೋಸ್‌ನಲ್ಲೇ ಇದೆ, ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ.

```
certutil -hashfile a.txt SHA1
certutil -hashfile b.txt SHA1
```

ಬರುವ ಉತ್ತರಗಳು ಇವು:

```
2fd4e1c67a2d28fced849ee1bb76e7391b93eb12
de9f2c7fd25e1b3afad3e85a0bd17d9b100db4b3
```

ಬದಲಾದದ್ದು ಒಂದೇ ಅಕ್ಷರ. ಆದರೆ ಎರಡು ಸಾಲುಗಳಿಗೆ ಯಾವ ಸಂಬಂಧವೂ ಕಾಣುವುದಿಲ್ಲ. ಇದು ಎಸ್‌ಎಚ್‌ಎ-1 ಎಂಬ ಹಳೆಯ ಲೆಕ್ಕ, ಸ್ಟೀಮ್ ಬಳಸುವುದೂ ಇದನ್ನೇ. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಒಂದೇ ಬೆರಳಚ್ಚು ಬರುವ ಎರಡು ಬೇರೆ ಬೇರೆ ಫೈಲುಗಳನ್ನು ಬೇಕೆಂದೇ ತಯಾರಿಸಿ ತೋರಿಸಿದ ಮೇಲೆ, ಸಹಿ ಮತ್ತು ಭದ್ರತೆಯ ಕೆಲಸಕ್ಕೆ ಇದನ್ನು ಯಾರೂ ನೆಚ್ಚುವುದಿಲ್ಲ. ಆದರೆ ಕರೆಂಟ್ ಹೋದದ್ದಕ್ಕೆ ಅಂಥ ಕುತಂತ್ರ ಬುದ್ಧಿ ಇಲ್ಲವಲ್ಲ. ಆಕಸ್ಮಿಕವಾಗಿ ಕೆಟ್ಟದ್ದನ್ನು ಹಿಡಿಯಲು ಇದು ಧಾರಾಳ ಸಾಕು.

ಈಗ ಲೆಕ್ಕ ಹಾಕಿ. ಅರವತ್ತು ಜಿಬಿಗೆ ಹೆಚ್ಚುಕಡಿಮೆ ಅರವತ್ತು ಸಾವಿರ ತುಂಡು, ತುಂಡಿಗೆ ಇಪ್ಪತ್ತು ಬೈಟ್. ಎಲ್ಲ ಬೆರಳಚ್ಚುಗಳನ್ನು ಸೇರಿಸಿದರೂ ಒಂದೂಕಾಲು ಎಂಬಿ, ಅಂದರೆ ಮೊಬೈಲಿನಲ್ಲಿ ತೆಗೆದ ಒಂದು ಫೋಟೋಕ್ಕಿಂತ ಚಿಕ್ಕದು. ಇಷ್ಟು ಪುಟ್ಟ ಪಟ್ಟಿ ಕೈಯಲ್ಲಿದ್ದರೆ ಎಣಿಕೆಗೆ ನೆಟ್ ಖರ್ಚಾಗುವುದೇ ಇಲ್ಲ ಅನ್ನಬಹುದು. ಖರ್ಚಾಗುವುದು ಡಿಸ್ಕ್ ಓದುವ ಸಮಯ. ಎಸ್‌ಎಸ್‌ಡಿ ಇದ್ದರೆ ಎರಡು ಮೂರು ನಿಮಿಷ. ಹುಡುಗನದ್ದು ಹಳೆಯ ಹಾರ್ಡ್ ಡಿಸ್ಕ್, ಸೆಕೆಂಡಿಗೆ ನೂರು ಎಂಬಿ ಓದಿದರೆ ದೊಡ್ಡದು. ಅದಕ್ಕೆ ಹತ್ತು ನಿಮಿಷ ಅಂತಿಟ್ಟುಕೊಂಡರೂ, ಸಣ್ಣ ಸಣ್ಣ ಫೈಲುಗಳ ನಡುವೆ ಮುಳ್ಳು ಓಡಾಡಬೇಕಾದ್ದರಿಂದ ಇನ್ನೂ ಹೆಚ್ಚೇ ಆಗುತ್ತದೆ.

ಗೇಮ್ ತೆರೆದಾಗಲೆಲ್ಲ ಇದನ್ನು ತಾನಾಗಿಯೇ ಯಾಕೆ ಮಾಡಿಕೊಳ್ಳುವುದಿಲ್ಲ ಎಂಬುದಕ್ಕೂ ಇದೇ ಉತ್ತರ. ಪ್ರತಿ ಸಲ ಹತ್ತು ಹದಿನೈದು ನಿಮಿಷ ಕಾಯಲು ಯಾರೂ ಒಪ್ಪುವುದಿಲ್ಲ. ಅಪ್‌ಡೇಟ್ ಬಂದಾಗಲೂ ಸ್ಟೀಮ್ ಬದಲಾದ ತುಂಡುಗಳನ್ನು ಮಾತ್ರ ಮುಟ್ಟುತ್ತದೆ, ಉಳಿದದ್ದು ಸರಿಯಾಗಿದೆ ಎಂದು ನಂಬಿಕೊಂಡಿರುತ್ತದೆ. ಹಾಗಾಗಿ ಒಂದು ತುಂಡು ಒಮ್ಮೆ ಕೆಟ್ಟರೆ, ನಾವು ಎಣಿಸು ಎಂದು ಹೇಳುವ ತನಕ ತಿಂಗಳುಗಟ್ಟಲೆ ಹಾಗೇ ಬಿದ್ದಿರಬಹುದು.

ಎಣಿಸು ಎಂದು ಹೇಳುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಒಂದು, ಗೇಮಿಗೆ ಹೊಸ ಅಪ್‌ಡೇಟ್ ಬಾಕಿ ಇದೆಯೇ ಎನ್ನುವುದು. ಬಾಕಿ ಇದ್ದರೆ ವೆರಿಫೈ ಮಾಡಲು ಹೋದಾಗ ಅದೂ ಜೊತೆಗೇ ಇಳಿಯುತ್ತದೆ. “ವೆರಿಫೈ ಮಾಡಿದ್ದಕ್ಕೇ ನಾಲ್ಕು ಜಿಬಿ ತಿಂತು” ಎಂದು ದೂರುವವರ ಕಥೆ ಬಹುಪಾಲು ಇದೇ. ಇನ್ನೊಂದು, ಡಿಸ್ಕಿನಲ್ಲಿ ಖಾಲಿ ಜಾಗ. ಡೋಟಾದ ಸಾಮಾನುಗಳು `pak01_000.vpk`, `pak01_001.vpk` ಎಂದು ಸಾಲಾಗಿ, ಇನ್ನೂರು ಎಂಬಿ ಆಸುಪಾಸಿನ ಮೂಟೆಗಳಲ್ಲಿರುವುದರಿಂದ ತೊಂದರೆಯಿಲ್ಲ. ಆದರೆ ಕೆಲವು ಗೇಮ್‌ಗಳಲ್ಲಿ ಒಂದೇ ಮೂಟೆ ಇಪ್ಪತ್ತು ಮೂವತ್ತು ಜಿಬಿ ಇರುತ್ತದೆ. ಅಂಥದ್ದರಲ್ಲಿ ನೆಟ್ಟಿನಿಂದ ಇಳಿಯುವುದು ಒಂದು ಎಂಬಿಯೇ ಆದರೂ, ಮೂಟೆಯನ್ನು ಬಿಚ್ಚಿ ಮತ್ತೆ ಕಟ್ಟುವುದಕ್ಕೆ ಮೂಟೆಯಷ್ಟೇ ಜಾಗ ಬೇಕಾಗಬಹುದು. ಡಿಸ್ಕ್ ತುಂಬಿ ಕೆಂಪಾಗಿದ್ದರೆ ಮೊದಲು ಅದನ್ನು ಸರಿಮಾಡಿ.

ಮುಂದಿನದು ಸುಲಭ. ಸ್ಟೀಮ್‌ನ ಲೈಬ್ರರಿಯಲ್ಲಿ ಗೇಮಿನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ `Properties`, ಅದರಲ್ಲಿ `Installed Files`, ಅದರಲ್ಲಿ `Verify integrity of game files`. ನನಗೆ ಮೆನು ಅಲೆಯುವುದಕ್ಕಿಂತ ವಿಂಡೋಸ್ ಕೀ ಜೊತೆ ಆರ್ ಒತ್ತಿ ಇದನ್ನು ಹಾಕುವುದು ರೂಢಿ. 570 ಎನ್ನುವುದು ಸ್ಟೀಮ್‌ನಲ್ಲಿ ಡೋಟಾ 2ರ ನಂಬರು.

```
steam://validate/570
```

ಬೇರೆ ಕಡೆಯಿಂದ ಗೇಮ್ ತೆಗೆದುಕೊಂಡವರಿಗೂ ಇದೇ ಸೌಲಭ್ಯ ಇದೆ, ಹೆಸರು ಬೇರೆ ಅಷ್ಟೆ. ಎಪಿಕ್‌ನಲ್ಲಿ ಗೇಮಿನ ಪಕ್ಕದ ಮೂರು ಚುಕ್ಕಿ ಒತ್ತಿ `Manage` ಒಳಗೆ `Verify`. ಬ್ಯಾಟಲ್‌ನೆಟ್‌ನಲ್ಲಿ ಪ್ಲೇ ಗುಂಡಿಯ ಪಕ್ಕದ ಚಕ್ರದಲ್ಲಿ `Scan and Repair`. ಜಿಒಜಿ ಗ್ಯಾಲಕ್ಸಿಯಲ್ಲಿ `Manage installation` ಒಳಗೆ `Verify / Repair`. ಒಳಗೆ ನಡೆಯುವುದು ಪಟ್ಟಿ ಹಿಡಿದು ಎಣಿಸುವ ಕೆಲಸವೇ.

ಹುಡುಗ ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಪಟ್ಟಿ ಮುಗಿಯಲಿಲ್ಲ, ಎರಡನೇ ಚಹಾಕ್ಕೆ ಮುಗಿಯಿತು. ಪರದೆಯ ಮೇಲೆ ಬಂದದ್ದು:

```
3 files failed to validate and will be reacquired
```

ಮೂರು ಫೈಲುಗಳು ಪಟ್ಟಿಗೆ ಹೊಂದಲಿಲ್ಲ, ಮತ್ತೆ ತರಿಸುತ್ತೇನೆ ಎಂದು ಅರ್ಥ. ಇಲ್ಲಿ ಜನ ಗಾಬರಿಯಾಗುವುದುಂಟು: ಮೂರು ಮೂಟೆ ಅಂದರೆ ಆರುನೂರು ಎಂಬಿ ಹೋಯಿತಲ್ಲ ಎಂದು. ಇಲ್ಲ. ಫೈಲು ಎಂದು ಎಣಿಸಿದರೂ ಅದು ತರುವುದು ಕೆಟ್ಟ ತುಂಡುಗಳನ್ನು ಮಾತ್ರ. ಅವತ್ತು ನಮ್ಮ ಅಂಗಡಿಯ ನೆಟ್ಟಿನಲ್ಲಿ ಇಳಿದದ್ದು ಐದು ಎಂಬಿ ಚಿಲ್ಲರೆ. ಗೇಮ್ ತೆರೆದು ಅದೇ ಹೀರೋವನ್ನು ಆರಿಸಿದ, ಬೀಳಲಿಲ್ಲ. ಹುಡುಗ ಅಲ್ಲೇ ಒಂದು ಪೂರ್ತಿ ಆಟ ಆಡಿಯೇ ಎದ್ದ. ಅಷ್ಟು ಹೊತ್ತು ಬೇರೆ ಗಿರಾಕಿಯ ಪ್ರಿಂಟರ್ ಮೂಲೆಯಲ್ಲಿ ಕಾಯುತ್ತಿತ್ತು.

ಯಾವ ಮೂರು ಫೈಲು ಎಂದು ಆ ಸಂದೇಶ ಹೇಳುವುದಿಲ್ಲ, ಆದರೆ ತಿಳಿದುಕೊಂಡಿರುವುದು ಒಳ್ಳೆಯದು. ಗೇಮಿನ ಫೋಲ್ಡರನ್ನು ತೆರೆದು ಫೈಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿದರೆ ಈಗಷ್ಟೇ ತಿದ್ದಿದವು ಮೇಲೆ ಬಂದು ನಿಲ್ಲುತ್ತವೆ. ಸ್ಟೀಮ್ ಇರುವ ಜಾಗದ `logs` ಫೋಲ್ಡರಿನಲ್ಲಿ `content_log.txt` ಎಂಬ ದಿನಚರಿಯೂ ಇದೆ, ಎಷ್ಟು ಹೊತ್ತಿಗೆ ಏನು ಮಾಡಿತು ಎಂಬುದು ಅದರ ಕೊನೆಯ ಸಾಲುಗಳಲ್ಲಿರುತ್ತದೆ. ನಾನು ಆ ಮೂರು ಹೆಸರುಗಳನ್ನು ಬಿಲ್ ಪುಸ್ತಕದ ಹಿಂದೆ ಗೀಚಿಟ್ಟುಕೊಂಡೆ. ಅಭ್ಯಾಸ. ಒಂದು ವಾರದ ನಂತರ ಅದು ಉಪಯೋಗಕ್ಕೆ ಬಂತು.

ಯಾಕೆಂದರೆ ವಾರದ ನಂತರ ಅವನು ಮತ್ತೆ ಬಂದ. ಈ ಸಲ ಕರೆಂಟ್ ಹೋಗಿರಲಿಲ್ಲ. ಗೇಮ್ ಒಂದೇ ಕಡೆ ಬೀಳುತ್ತಲೂ ಇರಲಿಲ್ಲ. ಒಮ್ಮೆ ಶುರುವಿನಲ್ಲಿ, ಒಮ್ಮೆ ಅರ್ಧ ಗಂಟೆ ಆಡಿದ ಮೇಲೆ. ವೆರಿಫೈ ಕೊಟ್ಟೆ. ಎರಡು ಫೈಲು ತಪ್ಪಿವೆ ಅಂದಿತು, ತರಿಸಿಕೊಂಡಿತು. ಬಿಲ್ ಪುಸ್ತಕ ತಿರುಗಿಸಿದರೆ ಆ ಮೂರರಲ್ಲಿ ಇವು ಇರಲಿಲ್ಲ. ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಗೇಮನ್ನು ತೆರೆಯದೆಯೇ, ಮತ್ತೆ ವೆರಿಫೈ ಕೊಟ್ಟೆ. ಈಗ ಒಂದು ಫೈಲು ತಪ್ಪಿದೆ, ಅದೂ ಬೇರೆಯದು.

ಹೆಚ್ಚಿನವರು ಇಲ್ಲಿ ಸ್ಟೀಮನ್ನು ಬೈದು ಗೇಮನ್ನು ಅಳಿಸಿಬಿಡುತ್ತಾರೆ. ನನ್ನ ಮಟ್ಟಿಗೆ ವೆರಿಫೈನ ನಿಜವಾದ ಉಪಯೋಗ ಶುರುವಾಗುವುದೇ ಇಲ್ಲಿಂದ. ಮೊದಲ ಸಲದ ಎಣಿಕೆ ರಿಪೇರಿ ಮಾಡುತ್ತದೆ, ಎರಡನೇ ಸಲದ್ದು ರೋಗ ಹೇಳುತ್ತದೆ. ಮುಟ್ಟದೆ ಬಿಟ್ಟ ಗೇಮಿನಲ್ಲಿ ಎರಡನೇ ಸಲ ಸೊನ್ನೆ ಬರಬೇಕು. ಸೊನ್ನೆ ಬರದಿದ್ದರೆ, ತಪ್ಪಿದ್ದು ಅದೇ ಫೈಲುಗಳೋ ಬೇರೆಯವೋ ಎಂದು ನೋಡಬೇಕು.

ಅದೇ ಫೈಲು, ಪ್ರತಿ ಸಲ ಅದೇ ಒಂದೆರಡು ಫೈಲು ಎಂದಾದರೆ ಸಾಮಾನ್ಯವಾಗಿ ಹೆದರಬೇಕಾದ್ದಿಲ್ಲ. ಕೆಲವು ಗೇಮ್‌ಗಳು ತಮ್ಮ ಸೆಟ್ಟಿಂಗ್ ಬರೆದಿಟ್ಟುಕೊಳ್ಳುವ ಫೈಲನ್ನು ಗೇಮಿನ ಫೋಲ್ಡರಿನಲ್ಲೇ ಇಟ್ಟಿರುತ್ತವೆ. ನೀವು ಒಮ್ಮೆ ಗೇಮ್ ತೆರೆದರೆ ಅದು ಬದಲಾಗುತ್ತದೆ, ಪಟ್ಟಿಗೆ ಹೊಂದುವುದಿಲ್ಲ. ಎಣಿಕೆಯವರ ಕಣ್ಣಿಗೆ ಅದು ತಪ್ಪು, ನಮಗೆ ಅಲ್ಲ. ಆದರೆ ಮತ್ತೆ ಮತ್ತೆ ಮಾಯವಾಗುವುದು `.exe` ಅಥವಾ `.dll` ಎಂದು ಮುಗಿಯುವ ಫೈಲಾದರೆ ಅದು ಬಹುಮಟ್ಟಿಗೆ ಆಂಟಿವೈರಸ್ಸಿನ ಕೆಲಸ. ಸ್ಟೀಮ್ ತಂದಿಡುತ್ತದೆ, ಆಂಟಿವೈರಸ್ ಎತ್ತಿ ಕ್ವಾರಂಟೈನ್‌ಗೆ ಹಾಕುತ್ತದೆ. ನಾಳೆ ಮತ್ತೆ ಅದೇ. ಆಂಟಿವೈರಸ್ಸಿನ ಚರಿತ್ರೆಯ ಪುಟದಲ್ಲಿ ಆ ಹೆಸರು ಸಿಕ್ಕರೆ, ಗೇಮಿನ ಫೋಲ್ಡರನ್ನು ಅದರ ತಪಾಸಣೆಯಿಂದ ಹೊರಗಿಡಿ. ಅದೂ ಗೇಮನ್ನು ನೇರವಾಗಿ ಅಂಗಡಿಯಿಂದಲೇ ತೆಗೆದುಕೊಂಡಿದ್ದರೆ ಮಾತ್ರ. ಎಲ್ಲಿಂದಲೋ ತಂದ ಕಳ್ಳ ಪ್ರತಿಯಾಗಿದ್ದರೆ ಆಂಟಿವೈರಸ್ ಹೇಳುವುದೇ ಸರಿ ಇರಬಹುದು.

ಬೇರೆ ಬೇರೆ ಫೈಲು ಎಂದಾದರೆ ತಪ್ಪು ಗೇಮಿನಲ್ಲಿಲ್ಲ, ಯಂತ್ರದಲ್ಲಿದೆ. ಫೈಲು ಡಿಸ್ಕಿನಿಂದ ಹೊರಟು ರ‍್ಯಾಮಿಗೆ ಬಂದು, ಅಲ್ಲಿಂದ ಪ್ರೊಸೆಸರಿಗೆ ಹೋಗಿ ಲೆಕ್ಕವಾಗುತ್ತದೆ. ಈ ದಾರಿಯಲ್ಲಿ ಎಲ್ಲೋ ಒಂದು ಬಿಟ್ ಆಗಾಗ ತಿರುಗಿಬಿಡುತ್ತಿದೆ. ಡಿಸ್ಕೇ ಕೆಟ್ಟಿದ್ದರೆ ಸಾಮಾನ್ಯವಾಗಿ ಅದು ಸುಮ್ಮನೆ ತಪ್ಪು ಅಕ್ಷರ ಕೊಡುವುದಿಲ್ಲ. ಓದಲಾಗದೆ ತಡವರಿಸುತ್ತದೆ, ವೆರಿಫೈ ಒಂದು ಶೇಕಡಾವಾರಿನಲ್ಲಿ ನಿಂತುಬಿಡುತ್ತದೆ, ಹಳೆಯ ಡಿಸ್ಕಾದರೆ ಟಿಕ್ ಟಿಕ್ ಸದ್ದೂ ಬರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ `Current Pending Sector Count` ಎಂಬ ಸಾಲು ಸೊನ್ನೆಗಿಂತ ಮೇಲಿದ್ದರೆ ಡಿಸ್ಕಿನ ಕಾಲ ಮುಗಿಯುತ್ತಾ ಬಂದಿದೆ ಎಂದು ತಿಳಿದು ಮೊದಲು ಫೋಟೋಗಳನ್ನು ಬೇರೆಡೆ ಎತ್ತಿಡಿ. ಹುಡುಗನ ಡಿಸ್ಕ್ ಹಳೆಯದಾದರೂ ಆ ಸಾಲಿನಲ್ಲಿ ಸೊನ್ನೆಯೇ ಇತ್ತು.

ಹಾಗಾಗಿ ರ‍್ಯಾಮಿನ ಮೇಲೆ ಸಂಶಯ ಬಂತು. ಅದನ್ನು ಕಣ್ಣಾರೆ ಕಾಣಿಸುವ ಒಂದು ಉಪಾಯವಿದೆ. ಗೇಮಿನ `game\dota` ಫೋಲ್ಡರಿಗೆ ಹೋಗಿ, ಸ್ಟೀಮ್ ಆಗಷ್ಟೇ ದೂರಿದ್ದ ಮೂಟೆಯ ಬೆರಳಚ್ಚನ್ನು ನಾನೇ ತೆಗೆದೆ.

```
certutil -hashfile pak01_045.vpk SHA1
```

ಬಂದ ಸಾಲನ್ನು ಬರೆದಿಟ್ಟುಕೊಂಡು ತಕ್ಷಣ ಮತ್ತೊಮ್ಮೆ ಕೊಟ್ಟೆ. ಅದೇ ಉತ್ತರ. ಇಲ್ಲಿ ಮೋಸಹೋಗಬಾರದು. ವಿಂಡೋಸ್ ಒಮ್ಮೆ ಓದಿದ ಫೈಲನ್ನು ರ‍್ಯಾಮಿನಲ್ಲೇ ಇಟ್ಟುಕೊಂಡಿರುತ್ತದೆ. ಎರಡನೇ ಸಲ ಡಿಸ್ಕಿಗೆ ಹೋಗುವುದೇ ಇಲ್ಲ. ರ‍್ಯಾಮಿಗೆ ಬರುವಾಗಲೇ ತಪ್ಪಾಗಿದ್ದರೆ ಆ ತಪ್ಪು ಪ್ರತಿಯನ್ನೇ ಎಷ್ಟು ಸಲ ಲೆಕ್ಕ ಹಾಕಿದರೂ ಅದೇ ತಪ್ಪು ಉತ್ತರ, ಅದೇ ಆತ್ಮವಿಶ್ವಾಸದಿಂದ ಬರುತ್ತದೆ. ಹಾಗಾಗಿ ರೀಸ್ಟಾರ್ಟ್ ಮಾಡಿ ಮತ್ತೆ ತೆಗೆದೆ. ಈಗ ಬಂದ ಬೆರಳಚ್ಚು ಬೇರೆ. ಫೈಲನ್ನು ಮಧ್ಯೆ ಯಾರೂ ಮುಟ್ಟಿಲ್ಲ, ಅದರ ದಿನಾಂಕವೂ ಬದಲಾಗಿಲ್ಲ. ಒಂದೇ ಫೈಲಿಗೆ ಎರಡು ಬೆರಳಚ್ಚು ಅಂದರೆ ಓದಿದವನ ಕಣ್ಣೇ ಸರಿಯಿಲ್ಲ ಎಂದಾಯಿತು.

“ರ‍್ಯಾಮ್ ಏನಾದ್ರೂ ಬದಲಾಯಿಸಿದ್ಯಾ?” ಅಂತ ಕೇಳಿದೆ.

“ಬೇಸಿಗೇಲಿ ಒಂದು ಎಂಟು ಜಿಬಿ ಹಾಕ್ಸಿದ್ದೆ ಅಣ್ಣಾ, ಸೆಕೆಂಡ್ ಹ್ಯಾಂಡು. ಚೆನ್ನಾಗೇ ನಡೀತಿತ್ತು.”

ಚೆನ್ನಾಗೇ ನಡೆಯುತ್ತಿತ್ತು ಎನ್ನುವುದು ಸುಳ್ಳಲ್ಲ. ಕೆಟ್ಟ ರ‍್ಯಾಮಿನಲ್ಲಿ ಎಲ್ಲ ಜಾಗವೂ ಕೆಟ್ಟಿರುವುದಿಲ್ಲ, ಕೆಲವೇ ಕೋಣೆಗಳು ಕೆಟ್ಟಿರುತ್ತವೆ. ಬ್ರೌಸರಿನಲ್ಲಿ ಸಿನಿಮಾ ನೋಡುವಾಗ ಒಂದು ಬಿಟ್ ತಿರುಗಿದರೆ ಯಾರಿಗೂ ಕಾಣುವುದಿಲ್ಲ. ಅರವತ್ತು ಜಿಬಿಯನ್ನು ಒಂದೇ ಉಸಿರಿಗೆ ಆ ಕೋಣೆಗಳ ಮೂಲಕ ಹಾಯಿಸುವ ವೆರಿಫೈ ಮಾತ್ರ ಅದನ್ನು ಬಯಲಿಗೆ ತರುತ್ತದೆ. ಇಲ್ಲಿ ಇನ್ನೊಂದು ಅಪಾಯವೂ ಇದೆ. ಇಂಥ ಯಂತ್ರದಲ್ಲಿ ವೆರಿಫೈ ಮಾಡುತ್ತಾ ಹೋದರೆ, ಡಿಸ್ಕಿನಲ್ಲಿ ಸರಿಯಾಗಿಯೇ ಇದ್ದ ತುಂಡನ್ನು ತಪ್ಪೆಂದು ತಿಳಿದು, ಹೊಸದು ತರಿಸಿ, ಅದೇ ಕೆಟ್ಟ ರ‍್ಯಾಮಿನ ಮೂಲಕ ಬರೆದು, ನಿಜವಾಗಿಯೇ ಕೆಡಿಸಿಬಿಡುವ ಸಾಧ್ಯತೆ ಇದೆ. ಸಂಶಯ ಬಂದ ಕೂಡಲೇ ನಿಲ್ಲಿಸಬೇಕು.

ವಿಂಡೋಸ್‌ನಲ್ಲಿ ರ‍್ಯಾಮ್ ಪರೀಕ್ಷಿಸಲು `mdsched` ಎಂದು ಟೈಪ್ ಮಾಡಿದರೆ ಬರುವ ಉಪಕರಣವಿದೆ. ಮೆಮ್‌ಟೆಸ್ಟ್86 ಇನ್ನೂ ಕಟ್ಟುನಿಟ್ಟು, ರಾತ್ರಿಯಿಡೀ ಓಡಿಸಬಹುದು. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಡಬ್ಬ ತೆರೆದು ಆ ಎರಡನೇ ಕಡ್ಡಿಯನ್ನು ಕಿತ್ತೆ. ಉಳಿದ ಒಂದರಲ್ಲೇ ವೆರಿಫೈ ಕೊಟ್ಟಾಗ ಒಂದು ಫೈಲು ತಪ್ಪಿದೆ ಎಂದು ಬಂತು, ಅದು ಹಿಂದಿನ ಸುತ್ತಿನಲ್ಲಿ ಕೆಟ್ಟದ್ದೇ ಇರಬೇಕು. ರೀಸ್ಟಾರ್ಟ್ ಮಾಡಿ ಮತ್ತೊಮ್ಮೆ: ಎಲ್ಲವೂ ಸರಿ. ಇನ್ನೊಮ್ಮೆ: ಸರಿ. ಸ್ಟೀಮ್ ಇಷ್ಟು ದಿನದಲ್ಲಿ ಒಟ್ಟು ಇಳಿಸಿಕೊಂಡದ್ದು ಹದಿನೈದು ಎಂಬಿಯೂ ಇಲ್ಲ. ವಾರದ ಹಿಂದಿನ ಆ ಮೂರು ಫೈಲುಗಳನ್ನು ಕೆಡಿಸಿದ್ದು ಕರೆಂಟೋ ಈ ಕಡ್ಡಿಯೋ ಎಂದು ನಾನು ಆಣೆ ಇಡಲಾರೆ.

ತಪ್ಪು ರ‍್ಯಾಮಿನದ್ದೇ ಆಗಬೇಕೆಂದೂ ಇಲ್ಲ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ದೊಡ್ಡ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಹೆಚ್ಚಿನ ವೋಲ್ಟೇಜಿನಿಂದ ಅಸ್ಥಿರತೆ ಬರುತ್ತಿದೆ ಎಂದು ಕಂಪನಿಯೇ ಒಪ್ಪಿಕೊಂಡು, ಮೈಕ್ರೋಕೋಡ್ ತಿದ್ದುಪಡಿಗಳನ್ನು ಬಿಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಗೇಮ್ ಆಡುವವರಿಗೆ ಅದು ಕಂಡದ್ದು ಫೈಲುಗಳನ್ನು ಬಿಚ್ಚುವಾಗಿನ ತಪ್ಪಾಗಿ, ಕೆಲವೊಮ್ಮೆ ಗ್ರಾಫಿಕ್ಸ್ ಮೆಮೊರಿ ಸಾಲದು ಎಂಬ ಸುಳ್ಳು ಸಂದೇಶವಾಗಿ. ಫೈಲು ಸರಿಯಾಗಿಯೇ ಇತ್ತು, ಅದನ್ನು ಬಿಚ್ಚುವ ಪ್ರೊಸೆಸರು ಲೆಕ್ಕ ತಪ್ಪುತ್ತಿತ್ತು. ಅಂಥ ಯಂತ್ರದಲ್ಲಿ ಗೇಮನ್ನು ಹತ್ತು ಸಲ ಇಳಿಸಿಕೊಂಡರೂ ಫಲ ಒಂದೇ.

ವೆರಿಫೈ ಮುಟ್ಟದ ಸಂಗತಿಗಳೂ ಇವೆ. ಬಾಡಿಗೆ ಪಾತ್ರೆಯ ರಾಶಿಯಲ್ಲಿ ನಿಮ್ಮ ಮನೆಯ ಒಂದು ಸೌಟು ಸೇರಿಕೊಂಡರೆ ಎಣಿಸುವವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದು ಪಟ್ಟಿಯಲ್ಲಿಲ್ಲ. ಹಾಗೆಯೇ ನೀವು ಹಾಕಿಕೊಂಡ ಮಾಡ್ ಹೊಸ ಫೈಲಾಗಿ ಫೋಲ್ಡರಿನಲ್ಲಿ ಕೂತಿದ್ದರೆ ಸ್ಟೀಮ್ ಅದನ್ನು ತೆಗೆಯುವುದಿಲ್ಲ. “ಎಲ್ಲ ಸರಿ ಅಂತ ಬಂತು, ಆದರೂ ಗೇಮ್ ಬೀಳುತ್ತದೆ” ಎನ್ನುವವರ ಫೋಲ್ಡರಿನಲ್ಲಿ `dinput8.dll` ಎಂಬಂಥ ಮಾಡ್‌ನ ಫೈಲೊಂದು ಉಳಿದಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಮಾಡ್ ಮೂಲ ಫೈಲನ್ನೇ ತಿದ್ದಿದ್ದರೆ ಮಾತ್ರ ಅದು ಅಳಿಸಿ ಹಳೆಯದಕ್ಕೆ ಮರಳುತ್ತದೆ, ಹಾಗಾಗಿ ಮಾಡ್ ಬೇಕೆನ್ನುವವರು ಮೊದಲೇ ನಕಲು ಮಾಡಿಟ್ಟುಕೊಳ್ಳಬೇಕು. ನೀವು ಆಡಿ ಉಳಿಸಿಟ್ಟ ಸೇವ್ ಫೈಲ್ ಈ ಪಟ್ಟಿಯಲ್ಲಿ ಇರುವುದೇ ಇಲ್ಲ. ಅದು ಕೆಟ್ಟರೆ ವೆರಿಫೈಗೆ ತಿಳಿಯುವುದಿಲ್ಲ. ವೆರಿಫೈ ಮಾಡಿದರೆ ಅದು ಹೋಗುವುದೂ ಇಲ್ಲ.

ಇದೇ ಎಣಿಕೆಯನ್ನು ತಿರುಗಿಸಿಯೂ ಬಳಸಬಹುದು. ಮಳೆ ನಿಂತ ಮೇಲೆ ಹುಡುಗನ ಅಣ್ಣನ ಮಗನಿಗೂ ಅದೇ ಗೇಮ್ ಬೇಕಾಯಿತು, ಅವರ ಮನೆಯಲ್ಲೂ ಮೊಬೈಲ್ ನೆಟ್ಟೇ. ಪೋರ್ಟಬಲ್ ಹಾರ್ಡ್ ಡಿಸ್ಕಿನಲ್ಲಿ ಇವನ ಯಂತ್ರದಿಂದ `steamapps\common` ಒಳಗಿನ `dota 2 beta` ಫೋಲ್ಡರನ್ನು ಪೂರ್ತಿ ನಕಲು ಮಾಡಿ, ಆ ಯಂತ್ರದ ಅದೇ ಜಾಗದಲ್ಲಿ ಅದೇ ಹೆಸರಿನಲ್ಲಿ ಇಟ್ಟೆವು. ಆಮೇಲೆ ಅಲ್ಲಿನ ಸ್ಟೀಮ್‌ನಲ್ಲಿ ಇನ್‌ಸ್ಟಾಲ್ ಒತ್ತಿದಾಗ ಅದು ಡೌನ್‌ಲೋಡಿಗೆ ಓಡದೆ, ಫೋಲ್ಡರಿನಲ್ಲಿ ಇರುವುದನ್ನು ಮೊದಲು ಪಟ್ಟಿಗೆ ಹೋಲಿಸಿ, ಕಮ್ಮಿ ಬಿದ್ದದ್ದನ್ನು ಮಾತ್ರ ಇಳಿಸಿಕೊಂಡಿತು. ಫೋಲ್ಡರಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಅದಕ್ಕೆ ಕಾಣುವುದಿಲ್ಲ, ಅರವತ್ತು ಜಿಬಿಯ ಡೌನ್‌ಲೋಡ್ ಶುರುವಾಗಿಬಿಡುತ್ತದೆ. ಮೊದಲ ನಿಮಿಷ ಪರದೆ ನೋಡುತ್ತಾ ಕೂರಬೇಕು. ಎರಡೂ ಯಂತ್ರ ಒಂದೇ ವೈಫೈನಲ್ಲಿದ್ದರೆ ಈ ಹೊರೆಯೂ ಬೇಡ. 2023ರಿಂದ ಸ್ಟೀಮ್ ಪಕ್ಕದ ಕಂಪ್ಯೂಟರಿನಿಂದಲೇ ಗೇಮ್ ಎಳೆದುಕೊಳ್ಳಬಲ್ಲದು. `Settings` ಒಳಗಿನ `Downloads` ಪುಟದಲ್ಲಿ ಅದಕ್ಕೆ ಅನುಮತಿ ಕೊಡಬೇಕು ಅಷ್ಟೆ.

ನಕಲು ಮಾಡುವ ಮೊದಲು ನಾನು ಹುಡುಗನ ಯಂತ್ರದಲ್ಲಿ ಇನ್ನೊಮ್ಮೆ ವೆರಿಫೈ ಕೊಟ್ಟು ಸೊನ್ನೆ ಬಂದದ್ದನ್ನು ನೋಡಿಕೊಂಡೆ. ಆ ಕೆಟ್ಟ ಎಂಟು ಜಿಬಿ ಕಡ್ಡಿಯ ಮೇಲೆ ಬಿಳಿ ಪಟ್ಟಿ ಅಂಟಿಸಿ “ಬಳಸಬೇಡಿ” ಎಂದು ಬರೆದು ಮೇಜಿನ ಡ್ರಾಯರಿನಲ್ಲಿ ಹಾಕಿದ್ದೇನೆ, ಯಾಕೆಂದರೆ ಹೋದ ವಾರವಷ್ಟೇ ಅಂಗಡಿಯ ಹೊಸ ಹುಡುಗ ಅದನ್ನು ಇನ್ನೊಬ್ಬರ ಕಂಪ್ಯೂಟರಿಗೆ ಹಾಕಲು ಕೈಗೆತ್ತಿಕೊಂಡಿದ್ದ.